ಬಂದದ್ದು ಸುಳ್ಯ ಕಡೆಯಿಂದ, ಸರಿ. ಆದರೆ ಯಾವಾಗ, ಯಾರ್ಯಾರು?

ಪ್ರಶ್ನೆ: ನಮ್ಮೂರಿನ ಒಬ್ಬ ಹಿರಿಯ ತಾಳಮದ್ದಳೆ ಅರ್ಥಧಾರಿಗಳ ಜೀವನಚರಿತ್ರೆ ಬರೆಯುತ್ತಿದ್ದೇನೆ. ಅವರು ತೀರಿಕೊಂಡು ಹತ್ತು ವರ್ಷ ಆಯಿತು. ಅವರ ಮನೆಯವರು ಸುಳ್ಯ ಕಡೆಯಿಂದ ಬಂದವರಂತೆ. ಮಗ ಹೇಳುವುದು ಒಂದು ವರ್ಷ, ತಂಗಿಯ ಮಗ ಹೇಳುವುದು ಇನ್ನೊಂದು. ಎರಡರ ನಡುವೆ ಐದಾರು ವರ್ಷ ವ್ಯತ್ಯಾಸ ಇದೆ. 'ಕುಟುಂಬ ಸುಳ್ಯದಿಂದ ಬಂದು ಇಲ್ಲಿ ನೆಲೆಸಿತು' ಅಂತ ಒಂದು ಸಾಲು ಬರೆದು ಮುಂದೆ ಹೋದರೆ ಸಾಲದೇ ಮಾಸ್ತರೇ? ಅದಕ್ಕಿಂತ ಜಾಸ್ತಿ ಹುಡುಕುವುದಾದರೆ ಎಲ್ಲಿ ಹುಡುಕುವುದು?
– ಬದಿಯಡ್ಕ ಹತ್ತಿರದ ಓದುಗರು

ಉತ್ತರ: ಆ ಒಂದು ಸಾಲನ್ನು ನಾನೂ ಬರೆದಿದ್ದೆ, ಬರೆದು ಕೆಟ್ಟಿದ್ದೆ. ಅದನ್ನೇ ಮೊದಲು ಹೇಳುತ್ತೇನೆ.

ಇಲ್ಲಿನ ಒಬ್ಬ ಶಾಲಾ ಮಾಸ್ತರರ ಬಗ್ಗೆ ನೆನಪಿನ ಸಂಚಿಕೆಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರೂ ಅರ್ಥ ಹೇಳುತ್ತಿದ್ದವರೇ. ಅವರ ಮನೆಯವರೂ ಸುಳ್ಯ ಕಡೆಯವರು. 'ತೊಟ್ಟಿಲ ಮಗುವಾಗಿದ್ದಾಗಲೇ ಬಂದದ್ದು' ಎಂದು ಮಕ್ಕಳು ಹೇಳಿದರು. ನಾನು ಸುಮ್ನೆ ನಂಬಿದೆ. ಬಾಲ್ಯವೆಲ್ಲ ಕಾಸರಗೋಡು ತಾಲೂಕಿನಲ್ಲೇ ಕಳೆಯಿತು, ಅರ್ಥಗಾರಿಕೆ ಕಿವಿಗೆ ಬಿದ್ದದ್ದೂ ಇಲ್ಲೇ ಎಂದು ಬರೆದುಬಿಟ್ಟೆ. ಸಂಚಿಕೆ ಅಚ್ಚಾಗಿ ಎರಡು ವರ್ಷದ ನಂತರ ಬೇರೆ ಯಾವುದೋ ಕೆಲಸಕ್ಕೆ ಅವರು ಕಲಿತ ಶಾಲೆಗೆ ಹೋಗಿದ್ದೆ. ಹಳೆಯ ಅಡ್ಮಿಶನ್ ರಿಜಿಸ್ಟರ್ ತೆರೆದಾಗ ಅವರ ಹೆಸರು ಕಣ್ಣಿಗೆ ಬಿತ್ತು. ಸೇರಿದ್ದು 1934ರ ಜೂನ್‌ನಲ್ಲಿ. ಸೇರಿದ ತರಗತಿ ಮೂರನೆಯದು. 'ಹಿಂದೆ ಕಲಿತ ಶಾಲೆ' ಎಂಬ ಕಾಲಮ್ಮಿನಲ್ಲಿ ಸುಳ್ಯ ಕಡೆಯ ಒಂದು ಪ್ರಾಥಮಿಕ ಶಾಲೆಯ ಹೆಸರು.

ತೊಟ್ಟಿಲ ಮಗು ಎರಡು ಕ್ಲಾಸು ಓದಿಕೊಂಡು ಬರುವುದಿಲ್ಲ, ಅಲ್ವಾ?

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನೇ ನೀವೂ ಮಾಡಬಹುದು. ಮನೆ ಬಿಟ್ಟು ಬಂದ ದಿನ ಇಂಥದ್ದೇ ಎಂದು ಹೇಳುವ ಕಾಗದ ಸಿಗುವುದು ತೀರಾ ಕಡಿಮೆ. ಸಿಗುವುದು ಎರಡು ಗಡಿಗಳು. ಇಂಥ ದಿನ ಅವರು ಇನ್ನೂ ಅಲ್ಲಿದ್ದರು ಎಂಬುದು ಒಂದು. ಇಂಥ ದಿನ ಆಗಲೇ ಇಲ್ಲಿದ್ದರು ಎಂಬುದು ಇನ್ನೊಂದು. ಆ ಎರಡನ್ನು ಒಂದಕ್ಕೊಂದು ಹತ್ತಿರ ತರುತ್ತಾ ಹೋಗುವುದೇ ಕೆಲಸ.

ಶಾಲೆಯ ರಿಜಿಸ್ಟರಿನಿಂದಲೇ ಶುರು ಮಾಡಿ. ಅದು ಶಾಲೆ ಶಾಶ್ವತವಾಗಿ ಇಟ್ಟುಕೊಳ್ಳುವ ದಾಖಲೆ. ಅರ್ಥಧಾರಿಗಳ ಹೆಸರೊಂದನ್ನೇ ನೋಡಬೇಡಿ, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಹೆಸರನ್ನೂ ನೋಡಿ. ಯಾರು ಬೇರೆ ಶಾಲೆಯಿಂದ ಟಿ.ಸಿ. ತಂದು ಸೇರಿದರು, ಯಾರು ನೇರವಾಗಿ ಒಂದನೇ ಕ್ಲಾಸಿಗೆ ಸೇರಿದರು ಎಂಬುದರಲ್ಲೇ ಅರ್ಧ ಕತೆ ಇರುತ್ತದೆ. ಒಂದು ಎಚ್ಚರಿಕೆ: ಅದರಲ್ಲಿರುವ ಹುಟ್ಟಿದ ದಿನಾಂಕವನ್ನು ಜಾಸ್ತಿ ನಂಬಬೇಡಿ. ಎಷ್ಟೋ ಮಕ್ಕಳಿಗೆ ಅದನ್ನು ಕೊಟ್ಟದ್ದು ಮಾಸ್ತರರೇ, ಶಾಲೆಗೆ ಸೇರುವ ವಯಸ್ಸಿಗೆ ಸರಿಹೊಂದುವ ಹಾಗೆ. ಸೇರಿದ ದಿನಾಂಕ ಮಾತ್ರ ಸೇರಿಸಿದ ದಿನವೇ ಬರೆದದ್ದು, ಅದು ಗಟ್ಟಿ.

ನಾನು ಎರಡನೆಯದಾಗಿ ಹೋದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಗೆ. ಜಾಗದ ದಸ್ತಾವೇಜುಗಳಿಗೆ ಅಲ್ಲಿ ಎರಡು ಸೂಚಿ ಪುಸ್ತಕಗಳಿರುತ್ತವೆ. ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಪ್ರಕಾರ. ಇನ್ನೊಂದು ಆಸ್ತಿಯ ಪ್ರಕಾರ. ನಿಮ್ಮಲ್ಲಿ ಸರ್ವೆ ನಂಬರು ಇಲ್ಲದಿದ್ದರೆ ಹೆಸರಿನ ಸೂಚಿ ಕೇಳಿ. ಹುಡುಕಬೇಕಾದದ್ದು ಅರ್ಥಧಾರಿಗಳ ಹೆಸರನ್ನಲ್ಲ, ಆಗ ಯಜಮಾನಿಕೆ ಇದ್ದವರ ಹೆಸರನ್ನು. ಅಳಿಯಕಟ್ಟಿನ ಮನೆಯಾದರೆ ಅದು ತಂದೆ ಆಗಿರುವುದಿಲ್ಲ, ಸೋದರಮಾವನೋ ಅಜ್ಜಿಯೋ ಆಗಿರುತ್ತಾರೆ. ಇದನ್ನು ಮರೆತು ತಂದೆಯ ಹೆಸರನ್ನೇ ಹುಡುಕಿ ಬರಿಗೈಯಲ್ಲಿ ವಾಪಸು ಬಂದವರು ಬಹಳ ಜನ.

ದಸ್ತಾವೇಜು ಸಿಕ್ಕಿದಾಗ ಜಾಗದ ವಿವರಕ್ಕಿಂತ ಮೊದಲು ಮೇಲಿನ ನಾಲ್ಕು ಸಾಲು ಓದಿ. ಮಾಸ್ತರರ ತಂದೆ ಬರೆಸಿಕೊಂಡ ಒಂದು ಗೇಣಿ ಚೀಟು 1933ರ ಫೆಬ್ರವರಿಯದು. ಅದರಲ್ಲಿ ಅವರನ್ನು ಕರೆದದ್ದು 'ಪುತ್ತೂರು ತಾಲೂಕು' ಇಂಥ ಗ್ರಾಮದ, 'ಪ್ರಕೃತ ಕಾಸರಗೋಡು ತಾಲೂಕು' ಇಂಥ ಗ್ರಾಮದಲ್ಲಿ ವಾಸವಿರುವ ಇಂಥವರು ಎಂದು. ಆ 'ಪ್ರಕೃತ' ಎಂಬ ಶಬ್ದಕ್ಕೆ ಕಾಯಿ ಒಡೆಯಬೇಕು! ಊರು ಬಿಟ್ಟು ಬಂದು ಜಾಸ್ತಿ ಕಾಲ ಆಗಿಲ್ಲ ಎಂದು ಅದು ಹೇಳುತ್ತದೆ. ಐದು ವರ್ಷದ ನಂತರದ ಇನ್ನೊಂದು ಪತ್ರದಲ್ಲಿ ಹಳೆಯ ಊರಿನ ಸುದ್ದಿಯೇ ಇಲ್ಲ, ಅಷ್ಟರಲ್ಲಿ ಅವರು ಇಲ್ಲಿಯವರೇ ಆಗಿದ್ದರು.

ಪುತ್ತೂರು ತಾಲೂಕು ಎಂಬುದನ್ನು ನೋಡಿ ಗಾಬರಿ ಬೀಳಬೇಡಿ. ಸುಳ್ಯ ಆಗ ಬೇರೆ ತಾಲೂಕಾಗಿರಲಿಲ್ಲ, ಪುತ್ತೂರಿಗೆ ಸೇರಿತ್ತು. ಇನ್ನೂ ಹಿಂದಕ್ಕೆ ಹೋದರೆ ಅದೇ ತಾಲೂಕಿಗೆ ಉಪ್ಪಿನಂಗಡಿ ಎಂಬ ಹೆಸರು ಕಾಣುತ್ತದೆ. 'ಮೊದಲು ಉಪ್ಪಿನಂಗಡಿಯಲ್ಲಿದ್ದರು, ಆಮೇಲೆ ಪುತ್ತೂರಿಗೆ ಬಂದರು, ಮತ್ತೆ ಸುಳ್ಯಕ್ಕೆ' ಎಂದು ಕೂತಲ್ಲೇ ಕೂತ ಮನೆಯನ್ನು ಮೂರು ಸಲ ಬಿಡಾರ ಎತ್ತಿಸಿದ ಲೇಖನವನ್ನು ನಾನು ಓದಿದ್ದೇನೆ.

ಇದರ ದೊಡ್ಡ ರೂಪವೇ 1956ರ ನವೆಂಬರ್ 1. ಅಲ್ಲಿಯವರೆಗೆ ಸುಳ್ಯವೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಪಯಸ್ವಿನಿಯ ದಂಡೆಯಲ್ಲೇ ಇಳಿದು ಬಂದರೆ ಇಲ್ಲಿ ಮುಟ್ಟುತ್ತದೆ. ಆ ಕಾಲಕ್ಕೆ ಇದು ಒಂದು ತಾಲೂಕಿನಿಂದ ಪಕ್ಕದ ತಾಲೂಕಿಗೆ ಬಂದದ್ದು, ಅಷ್ಟೆ. ಅದನ್ನು 'ಕರ್ನಾಟಕದಿಂದ ಕೇರಳಕ್ಕೆ ವಲಸೆ' ಎಂದು ಬರೆದರೆ ತಪ್ಪು. ಮಂಜೇಶ್ವರದ ಗೋವಿಂದ ಪೈಗಳನ್ನೇ ನೋಡಿ. ತಂದೆ ಮಂಗಳೂರಿನವರು, ಮಂಜೇಶ್ವರ ತಾಯಿಯ ಕಡೆಯ ಊರು. ಅವರ ಹೆಸರಿನ ಹಿಂದೆ ನಿಂತದ್ದು ತಾಯಿಯ ಕಡೆಯ ಊರೇ. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1963ರಲ್ಲಿ ತೀರಿಕೊಂಡಾಗ ಆ ಊರು ಕೇರಳದಲ್ಲಿತ್ತು. ಅಲ್ಲಿ ಸರಿದದ್ದು ಗಡಿ, ಮನುಷ್ಯರಲ್ಲ. ನಿಮ್ಮ ಹುಡುಕಾಟಕ್ಕೆ ಇದರಿಂದ ಆಗುವ ತೊಂದರೆ ಏನೆಂದರೆ ಹಳೆಯ ಊರಿನ ಪುಸ್ತಕ ಕರ್ನಾಟಕದ ಕಚೇರಿಯಲ್ಲಿದೆ, ಹೊಸ ಊರಿನದು ಕೇರಳದ ಕಚೇರಿಯಲ್ಲಿದೆ. ಎರಡು ಕಡೆಗೂ ಅರ್ಜಿ ಹಾಕಬೇಕು. ಆ ಕಾಲದ ಪತ್ರಗಳು ಎರಡೂ ಕಡೆ ಹೆಚ್ಚಾಗಿ ಕನ್ನಡದಲ್ಲೇ ಸಿಗುತ್ತವೆ, ಅದೊಂದು ಸಮಾಧಾನ.

ಈಗ ಮಾಸ್ತರರ ಲೆಕ್ಕಕ್ಕೆ ಬನ್ನಿ. ತಂದೆ 1933ರ ಫೆಬ್ರವರಿಗೆ ಆಗಲೇ ಇಲ್ಲಿದ್ದಾರೆ. ಹುಡುಗ ಶಾಲೆಗೆ ಸೇರಿದ್ದು 1934ರ ಜೂನ್‌ನಲ್ಲಿ, ಅದೂ ಹಳೆಯ ಊರಿನ ಶಾಲೆಯ ಟಿ.ಸಿ. ಹಿಡಿದು. ನಡುವೆ ಒಂದು ವರ್ಷದ ಮೇಲೆ ನಾಲ್ಕು ತಿಂಗಳು. ಆ ಹುಡುಗ ಎಲ್ಲಿದ್ದ?

ಇದನ್ನು ಯಾವ ಕಚೇರಿಯೂ ಹೇಳಲಿಲ್ಲ. ಹೇಳಿದ್ದು ಅವರ ತಂಗಿ, ಎಂಬತ್ತು ದಾಟಿದ ಅಮ್ಮ. 'ಯಾವ ವರ್ಷ ಬಂದದ್ದು?' ಎಂದು ಕೇಳಿದ್ದರೆ ಅವರು ಮಕ್ಕಳು ಹೇಳಿದ್ದನ್ನೇ ಹೇಳುತ್ತಿದ್ದರು. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು. 'ಹೊಳೆ ದಾಟುವಾಗ ಯಾರು ಯಾರು ಇದ್ದರು ಅಂತ ಹೇಳ್ತಿದ್ದರು ಅಮ್ಮಾ?' ಎಂದು ಕೇಳಿದೆ. 'ನಾನು ಅಬ್ಬೆಯ ಸೊಂಟದಲ್ಲಿ ಇದ್ದೆನಂತೆ. ಅಕ್ಕ ನಡೆದುಕೊಂಡು. ಅಣ್ಣ ಇರಲಿಲ್ಲ. ಅವ ಮಾವನ ಮನೆಯಲ್ಲೇ ನಿಂತಿದ್ದನಲ್ಲ, ಶಾಲೆಗೆ' ಎಂದರು. ತೊಟ್ಟಿಲ ಮಗು ಯಾರೆಂದು ಆಗ ಗೊತ್ತಾಯಿತು. ತಂಗಿಯ ಕತೆ ಎರಡು ತಲೆಮಾರು ದಾಟುವಾಗ ಅಣ್ಣನ ಮೈಗೆ ಅಂಟಿಕೊಂಡಿತ್ತು. ಇನ್ನೂ ಸ್ವಲ್ಪ ಮಾತಾಡಿದಾಗ ಆ ಮಾವ ತಾಳಮದ್ದಳೆಯ ಹುಚ್ಚಿನವರು, ಮಳೆಗಾಲದಲ್ಲಿ ಅವರ ಚಾವಡಿಯಲ್ಲಿ ವಾರಕ್ಕೊಮ್ಮೆ ಕೂಟ ಆಗುತ್ತಿತ್ತು ಎಂಬುದೂ ಹೊರಬಂತು. ಅರ್ಥಗಾರಿಕೆ ಕಿವಿಗೆ ಬಿದ್ದದ್ದು ಇಲ್ಲೇ ಎಂದು ನಾನು ಅಚ್ಚು ಹಾಕಿಸಿದ್ದು ಹಾಗೆ ಬಿದ್ದುಹೋಯಿತು.

ನಿಮ್ಮ ಅರ್ಥಧಾರಿಗಳ ಮಗ, ತಂಗಿಯ ಮಗ ಇಬ್ಬರೂ ಸರಿಯೇ ಇರಬಹುದು ಎಂದು ನನಗೆ ಅನಿಸುವುದು ಇದಕ್ಕೇ. ಒಬ್ಬರು ಹೇಳುವುದು ಗಂಡಸರು ಬಂದು ಗುಡ್ಡೆ ಕಡಿದು ಗುಡಿಸಲು ಹಾಕಿದ ವರ್ಷವನ್ನು. ಇನ್ನೊಬ್ಬರು ಹೇಳುವುದು ಹೆಂಗಸರು ಮಕ್ಕಳು ಬಂದು ಒಲೆ ಹಚ್ಚಿದ ವರ್ಷವನ್ನು. ಐದಾರು ವರ್ಷದ ಅಂತರ ಸ್ವಲ್ಪ ಜಾಸ್ತಿಯಾಯಿತು, ಆದರೆ ನಡುವೆ ಹಳೆಯ ಜಾಗದ ವ್ಯಾಜ್ಯ ಏನಾದರೂ ಇದ್ದರೆ ಅಷ್ಟೂ ಹಿಡಿಯುತ್ತದೆ. ಯಾವುದು ಸರಿ ಎಂದು ಪಂಚಾಯಿತಿಗೆ ಕೂರಬೇಡಿ. ಯಾರು ಮೊದಲು ಬಂದರು, ಯಾರು ಆಮೇಲೆ ಎಂದು ಕೇಳಿ.

ಗೇಣಿ ಚೀಟು ಸಿಗದಿದ್ದರೆ ಮನೆಯವರು ಇರಲೇ ಇಲ್ಲ ಎಂದು ತಿಳಿಯಬಾರದು. ಬಾಯಿಮಾತಿನ ಚಾಲಗೇಣಿಗೆ ಕಾಗದ ಎಲ್ಲಿಂದ ಬರಬೇಕು? ಅಂಥ ಮನೆಯಾದರೆ ಭೂಸುಧಾರಣೆಯ ಕಾಲದ ಕಡತ ಕೇಳಿ. ಕಾಸರಗೋಡಿನಲ್ಲಿ ಅದು 1970ರ ನಂತರ ಲ್ಯಾಂಡ್ ಟ್ರಿಬ್ಯೂನಲ್ ಪಟ್ಟಯ ಕೊಟ್ಟ ಕಡತ. ಗಡಿಯ ಆಚೆ, ಸುಳ್ಯದಲ್ಲಾದರೆ 1974ರ ನಂತರದ ಫಾರಂ 7ರ ಡಿಕ್ಲರೇಶನ್. ಎಷ್ಟು ವರ್ಷದಿಂದ ಸಾಗುವಳಿ ಎಂದು ಒಕ್ಕಲುಗಳು ಅದರಲ್ಲಿ ಹೇಳಿಕೊಂಡಿರುತ್ತಾರೆ. ಜಾಗ ಉಳಿಸಿಕೊಳ್ಳಲು ಕೊಟ್ಟ ಹೇಳಿಕೆ ಅದು. ಹಾಗಾಗಿ ವರ್ಷಗಳನ್ನು ಸ್ವಲ್ಪ ಎಳೆದಿರುತ್ತಾರೆ. ಎದುರುಕಕ್ಷಿಯವರು ಅಂದರೆ ಧಣಿಗಳ ಕಡೆಯವರು ಎಷ್ಟು ಒಪ್ಪಿಕೊಂಡಿದ್ದಾರೆ ಎಂಬುದನ್ನು ನೋಡಿ, ಅದು ಹೆಚ್ಚು ಬಾಳುತ್ತದೆ.

ಮೂಲನಾಗನ ವಿಷಯ ಯಾರಾದರೂ ಎತ್ತಿಯೇ ಎತ್ತುತ್ತಾರೆ. 'ನಮ್ಮ ಮೂಲ ಬನ ಇಂಥ ಕಡೆ, ಹಾಗಾಗಿ ನಾವು ಅಲ್ಲಿಯವರು' ಎನ್ನುತ್ತಾರೆ. ಒಂದೇ ಪ್ರಶ್ನೆ ಕೇಳಿ: ಅಲ್ಲಿಗೆ ತಂಬಿಲಕ್ಕೆ ಯಾವಾಗಿನಿಂದ ಹೋಗುತ್ತಿದ್ದೀರಿ? ಅಜ್ಜನ ಕಾಲದಿಂದ ಬಿಡದೆ ನಾಗರಪಂಚಮಿಗೆ ಹೋಗುತ್ತಿದ್ದರೆ ಅದು ಒಳ್ಳೆಯ ಸಾಕ್ಷಿ, ಹಳೆಯ ಊರಿನ ಹೆಸರನ್ನು ಅದು ಕೈಗೇ ಕೊಡುತ್ತದೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಕಂಡುಬಂದ ಬನವಾದರೆ ಅದು ಅವರ ನಂಬಿಕೆ. ಕೈ ಮುಗಿಯಿರಿ, ಜೀವನಚರಿತ್ರೆಗೆ ತರಬೇಡಿ.

ಬಂದ ಕಾರಣದ ಬಗ್ಗೆ ಒಂದು ಮಾತು. ಮನೆಯಲ್ಲಿ 'ಜ್ವರ ಬಂದು ಊರು ಬಿಟ್ಟರು', 'ಹುಲಿಯ ಕಾಟ' ಎಂದೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಹಳೆಯ ಜಾಗದ ಋಣಭಾರ ಪತ್ರ ತೆಗೆಸಿ ನೋಡಿ. ಮಾಸ್ತರರ ಮನೆಯವರೂ ಜ್ವರ ಎಂದೇ ಹೇಳಿದ್ದರು. ಪತ್ರದಲ್ಲಿ ಇದ್ದದ್ದು ಒಂದರ ಮೇಲೊಂದು ಮೂರು ಅಡವು, ಕೊನೆಗೆ ಕೋರ್ಟಿನ ಏಲಂ. ಬೆಳೆಗೆ ಬೆಲೆಯೇ ಇಲ್ಲದೆ ಬೇಸಾಯಗಾರರು ನೆಲ ಕಚ್ಚಿದ್ದ ವರ್ಷಗಳು ಅವು. ಇದನ್ನು ಅಚ್ಚು ಹಾಕುವ ಮೊದಲು ನಾನು ಆ ಅಮ್ಮನ ಹತ್ತಿರ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜ್ವರವೂ ಬಂದಿತ್ತು ಮಾರಾಯ, ಅದನ್ನೂ ಬರೆ' ಎಂದರು. ಎರಡನ್ನೂ ಬರೆದೆ.