ಬೆಂಗಳೂರಿನಲ್ಲಿ ಒಬ್ಬರೇ ಇರುವ ಅಮ್ಮನ ಬೆರಳಚ್ಚು ಹಿಡಿಯುತ್ತಿಲ್ಲ, ಲೈಫ್ ಸರ್ಟಿಫಿಕೇಟ್ ಮಾಡಿಸುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ 78 ವರ್ಷ, ಬೆಂಗಳೂರಿನಲ್ಲಿ ಒಬ್ಬರೇ ಇದ್ದಾರೆ. ಅಪ್ಪನ ರೈಲ್ವೆ ಫ್ಯಾಮಿಲಿ ಪಿಂಚಣಿ ಬರುತ್ತದೆ, ಅಮ್ಮನದೇ ಸಣ್ಣ ಪಿಎಫ್ ಪಿಂಚಣಿಯೂ ಇದೆ. ಕಳೆದ ವರ್ಷ ಬೆರಳಚ್ಚು ಹಿಡಿಯದೆ ಡಿಸೆಂಬರಿನಲ್ಲಿ ದುಡ್ಡು ನಿಂತಿತು. ನಾನು ಪುಣೆಯಲ್ಲಿದ್ದೇನೆ. ಈ ಸಲ ಏನು ಮಾಡಲಿ? ಹಗಲು ಹೊತ್ತು ಯಾವುದಾದರೂ ಹಿರಿಯರ ಕೇಂದ್ರಕ್ಕೆ ಸೇರಿಸಬಹುದೇ?

ಉತ್ತರ: ನಿಮ್ಮ ತಾಯಿಯವರಿಗೆ ಬರುತ್ತಿರುವುದು ಎರಡು ಪಿಂಚಣಿ, ಆದ್ದರಿಂದ ಬೇಕಾಗಿರುವುದೂ ಎರಡು ಲೈಫ್ ಸರ್ಟಿಫಿಕೇಟ್. ಒಂದನ್ನು ಕೊಟ್ಟು ಮುಗಿಯಿತು ಅಂದುಕೊಂಡರೆ ಇನ್ನೊಂದು ನಿಲ್ಲುತ್ತದೆ. ಎರಡರ ಕಾಲವೂ ಬೇರೆ. ರೈಲ್ವೆಯದನ್ನು ನವೆಂಬರ್ ತಿಂಗಳಲ್ಲೇ ಕೊಡಬೇಕು. ಅಕ್ಟೋಬರ್ 1ರಿಂದ ಕೊಡುವ ಸೌಲಭ್ಯ 80 ದಾಟಿದವರಿಗೆ ಮಾತ್ರ, ಅಮ್ಮನಿಗೆ ಇನ್ನೂ ಎರಡು ವರ್ಷ ಇದೆ. ಪಿಎಫ್‌ನ ಇಪಿಎಸ್ ಪಿಂಚಣಿಗೆ ವರ್ಷದ ಯಾವ ದಿನ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ದಸರೆಗೆ ಬಂದಾಗ ಇಪಿಎಸ್ ಮುಗಿಸಿಬಿಡೋಣ ಅನ್ನಿಸುತ್ತದೆ, ಆದರೆ ಮುಂದಿನ ವರ್ಷ ದಸರೆ ತಡವಾಗಿ ಬಂದರೆ ನಡುವೆ ಅವಧಿ ಮುಗಿದಿರುತ್ತದೆ. ನನ್ನ ಲೆಕ್ಕದಲ್ಲಿ ರಾಜ್ಯೋತ್ಸವದ ರಜೆಗೆ ಬಂದು ಎರಡನ್ನೂ ಒಂದೇ ಕೂರಿಕೆಯಲ್ಲಿ ಮುಗಿಸುವುದೇ ವಾಸಿ.

ಬೆರಳಿನ ತಂಟೆಗೆ ಇನ್ನು ಹೋಗಬೇಡಿ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಚರ್ಮ ಒಣಗಿರುತ್ತದೆ. ಯಂತ್ರ ಇಟ್ಟುಕೊಂಡವರು ಹೆಬ್ಬೆರಳನ್ನೇ ಹತ್ತು ಸಲ ಒತ್ತಿಸುತ್ತಾರೆ. ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಇಟ್ಟರೆ ಕೆಲವೊಮ್ಮೆ ಹಿಡಿಯುತ್ತದೆ, ಅಷ್ಟೇ. 2021ರ ನವೆಂಬರಿನಿಂದ ಮುಖ ತೋರಿಸಿ ಮಾಡುವ ವಿಧಾನ ಬಂದಿದೆ. ಅದಕ್ಕೆ ಒಂದು ಆ್ಯಂಡ್ರಾಯ್ಡ್ ಫೋನ್ ಸಾಕು, ಬೆರಳಚ್ಚಿನ ಯಂತ್ರ ಬೇಕಿಲ್ಲ.

ಪ್ಲೇ ಸ್ಟೋರಿನಿಂದ ಎರಡು ಆ್ಯಪ್ ಹಾಕಿಕೊಳ್ಳಬೇಕು: ಒಂದು AadhaarFaceRD, ಇನ್ನೊಂದು Jeevan Pramaan. ಮೊದಲನೆಯದಕ್ಕೆ ಫೋನಿನ ಪರದೆ ಮೇಲೆ ಚಿತ್ರವೇ ಕಾಣಿಸುವುದಿಲ್ಲ, ಅದು ಹಿಂದಿನಿಂದ ಕೆಲಸ ಮಾಡುವ ಆ್ಯಪ್. ಇನ್‌ಸ್ಟಾಲ್ ಆಗಿಲ್ಲವೆಂದು ತೆಗೆದು ಮತ್ತೆ ಹಾಕಿ ಅನೇಕರು ಇಲ್ಲೇ ಸುಸ್ತಾಗುತ್ತಾರೆ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹೆಸರು ಇದ್ದರೆ ಸರಿಯಾಗಿದೆ ಎಂದರ್ಥ.

Jeevan Pramaan ತೆರೆದಾಗ ಅದು ಮೊದಲು ಕೇಳುವುದು ಆಪರೇಟರ್ ಯಾರು ಎಂದು. ಫೋನ್ ಹಿಡಿದವರೇ ಆಪರೇಟರ್. ನೀವು ಮಾಡುತ್ತಿದ್ದರೆ ನಿಮ್ಮ ಆಧಾರ್, ಮೊಬೈಲ್, ಇಮೇಲ್ ತುಂಬಿ, ಒಟಿಪಿ ಕೊಟ್ಟು, ನಿಮ್ಮ ಮುಖ ತೋರಿಸಬೇಕು. ಅಮ್ಮ ತಮ್ಮ ಫೋನಿನಲ್ಲಿ ತಾವೇ ಆಪರೇಟರ್ ಆಗಲೂಬಹುದು. ಆಮೇಲೆ ಪಿಂಚಣಿದಾರರ ವಿವರ. ನೀವು ಪುಣೆಯಿಂದ ವಿಡಿಯೋ ಕರೆಯಲ್ಲಿ ದಾರಿ ಹೇಳಬಹುದೇ ಹೊರತು ಅಲ್ಲಿಂದಲೇ ಮಾಡಿ ಮುಗಿಸಲಾಗದು, ಏಕೆಂದರೆ ಅಮ್ಮನ ಮುಖ ಅದೇ ಫೋನಿನ ಮುಂದೆ ಇರಬೇಕು.

ತಪ್ಪುಗಳು ಹೆಚ್ಚಾಗಿ ಆಗುವುದು ಈ ವಿವರ ತುಂಬುವಲ್ಲಿ. ರೈಲ್ವೆಯದಕ್ಕೆ ಪಿಂಚಣಿಯ ಬಗೆ Family ಎಂದೇ ಇರಬೇಕು. Service ಎಂದು ಹಾಕಿದರೆ ತೀರಿಹೋದವರ ಪಿಂಚಣಿಗೆ ಅರ್ಜಿ ಹಾಕಿದ ಹಾಗೆ. ಪಿಂಚಣಿ ಕೊಡುವ ಸಂಸ್ಥೆ ಎಂಬಲ್ಲಿ ಬ್ಯಾಂಕಿನ ಈಗಿನ ಹೆಸರು ಆರಿಸಿ. ನಮ್ಮ ಹಿರಿಯರ ಬಾಯಲ್ಲಿ ಇನ್ನೂ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಮೈಸೂರು ಬ್ಯಾಂಕ್ ಇವೆ. ಆದರೆ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೂ, ಮೈಸೂರು ಬ್ಯಾಂಕ್ 2017ರಲ್ಲಿ ಎಸ್‌ಬಿಐಗೂ ಸೇರಿಹೋಗಿವೆ. ಖಾತೆ ಸಂಖ್ಯೆ ಈಗ ಪಿಂಚಣಿ ಜಮೆಯಾಗುತ್ತಿರುವ ಖಾತೆಯದೇ ಆಗಿರಲಿ, ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ಸಂಖ್ಯೆಯನ್ನು ಆ ಆದೇಶದ ಪ್ರತಿ ನೋಡಿಕೊಂಡು ಅಕ್ಷರಶಃ ಬರೆಯಿರಿ. ಎರಡನೆಯ ಸುತ್ತಿನಲ್ಲಿ ಇಪಿಎಸ್‌ಗೆ ಬಗೆ Service, ಏಕೆಂದರೆ ಅದು ಅಮ್ಮ ದುಡಿದು ಗಳಿಸಿದ್ದು. ಸಂಸ್ಥೆ ಇಪಿಎಫ್‌ಒ, ಪಿಪಿಒ ಸಂಖ್ಯೆ ಬೇರೆ.

ಮುಖ ತೋರಿಸುವಾಗ ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ, ಬೆಳಕು ಮುಖದ ಮೇಲೆ ಬೀಳಬೇಕು. ಕನ್ನಡಕ ತೆಗೆಸಿ, ಪರದೆ ಹೇಳಿದಾಗ ರೆಪ್ಪೆ ಮಿಟುಕಿಸಲು ಹೇಳಿ. ಕಣ್ಣಿನ ಪೊರೆಯ ಆಪರೇಷನ್ ಆಗಿ ಪಟ್ಟಿ ಇದ್ದರೆ ಅದು ಬಿಚ್ಚುವವರೆಗೂ ಕಾಯಿರಿ. ಏನು ಮಾಡಿದರೂ ಹೊಂದಿಕೆಯಾಗದಿದ್ದರೆ ಆಧಾರಿನ ಫೋಟೋ ತೀರಾ ಹಳೆಯದಿರಬಹುದು, ಆಧಾರ್ ಸೇವಾ ಕೇಂದ್ರದಲ್ಲಿ ಫೋಟೋ ಬದಲಿಸಬೇಕಾಗುತ್ತದೆ. ಅದನ್ನು ನವೆಂಬರಿಗೆ ಮುಂಚೆಯೇ ಮಾಡಿಸಿಕೊಳ್ಳಿ.

ಎಲ್ಲ ಮುಗಿದರೆ ಎಸ್‌ಎಂಎಸ್‌ನಲ್ಲಿ ಪ್ರಮಾಣ್ ಐಡಿ ಬರುತ್ತದೆ. ಆದರೆ ಐಡಿ ಬಂತೆಂದರೆ ಸರ್ಟಿಫಿಕೇಟ್ ತಯಾರಾಯಿತು ಎಂದಷ್ಟೇ, ಬ್ಯಾಂಕು ಒಪ್ಪಿತು ಎಂದಲ್ಲ. ಪಿಪಿಒ ಅಥವಾ ಖಾತೆ ಸಂಖ್ಯೆ ತಾಳೆಯಾಗದಿದ್ದರೆ ಆಮೇಲೆ ತಿರಸ್ಕಾರವಾಗುತ್ತದೆ. ಆ ಸಂದೇಶ ಯಾರೂ ನೋಡದ ಫೋನಿಗೆ ಬಂದು ಬಿದ್ದಿರುತ್ತದೆ. ಅದಕ್ಕೇ ವಿವರ ತುಂಬುವಾಗ ನಿಮ್ಮ ಮೊಬೈಲ್ ಸಂಖ್ಯೆ ಕೊಡಿ. ವಾರದ ನಂತರ jeevanpramaan.gov.in ನಲ್ಲಿ ಐಡಿ ಹಾಕಿ ಪ್ರತಿ ಇಳಿಸಿಕೊಳ್ಳಿ, ಬ್ಯಾಂಕಿಗೂ ಒಂದು ಫೋನ್ ಮಾಡಿ ಕೇಳಿ. ತಿರಸ್ಕಾರವಾಗಿದ್ದರೆ ಸರಿಯಾದ ವಿವರದೊಂದಿಗೆ ಹೊಸದಾಗಿ ಮಾಡಬಹುದು.

ನಿಮಗೆ ಬರಲಾಗದಿದ್ದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಈ ಸೇವೆಗೆ ಹತ್ತಿರದ ಅಂಚೆ ಕಚೇರಿಯಲ್ಲಿ ಕೋರಿಕೆ ಹಾಕಬಹುದು. ಬೆರಳು ಹಿಡಿಯುವುದಿಲ್ಲ, ಮುಖದಿಂದ ಮಾಡಿ ಎಂದು ಮೊದಲೇ ತಿಳಿಸಿ. ಹಳೆಯ ಕಾಗದದ ದಾರಿಯೂ ತೆರೆದೇ ಇದೆ: ಪಿಂಚಣಿ ಕೊಡುವ ಬ್ಯಾಂಕಿನ ಯಾವುದೇ ಶಾಖೆಗೆ ಅಮ್ಮ ಹೋಗಿ ಫಾರಂಗೆ ಸಹಿ ಮಾಡಿ ಕೊಡಬಹುದು, ಸೀಲು ಹಾಕಿದ ಸ್ವೀಕೃತಿ ಕೇಳಿ ಪಡೆಯಬೇಕು. ಹಾಗೂ ನಿಂತುಹೋಯಿತೆನ್ನಿ, ಸರ್ಟಿಫಿಕೇಟ್ ಸೇರಿದ ಮೇಲೆ ಬಾಕಿಯೂ ಸೇರಿ ಬರುತ್ತದೆ. ಕಳೆದ ವರ್ಷದ ಬಾಕಿ ಪೂರ್ತಿ ಬಂದಿದೆಯೇ ಎಂದು ಪಾಸ್‌ಬುಕ್ ನೋಡಿ.

ನವೆಂಬರಿನಲ್ಲಿ "ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆ, ಒಟಿಪಿ ಹೇಳಿದರೆ ಲೈಫ್ ಸರ್ಟಿಫಿಕೇಟ್ ನವೀಕರಿಸುತ್ತೇವೆ" ಎಂದು ಕರೆ ಮಾಡಿ ಖಾತೆ ಖಾಲಿ ಮಾಡುವವರಿದ್ದಾರೆ. ಮುಖವನ್ನೋ ಬೆರಳನ್ನೋ ತೋರಿಸದೆ, ಬರೀ ಫೋನ್ ಮಾತಿನಲ್ಲಿ ಈ ಕೆಲಸ ಆಗುವುದೇ ಇಲ್ಲ ಎಂದು ಅಮ್ಮನಿಗೆ ತಿಳಿಸಿಡಿ.

ಇನ್ನು ಹಗಲಿನ ಕೇಂದ್ರ. ಅವರಿರುವ ಕಡೆಗೆ ಹತ್ತಿರದ್ದು ಯಾವುದೆಂದು ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090ರಲ್ಲಿ ಕೇಳಿ. ಇಡೀ ದೇಶಕ್ಕೆ ಇರುವ ಎಲ್ಡರ್‌ಲೈನ್ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ಸೇರಿಸುವ ಮುನ್ನ ನೋಡಬೇಕಾದ್ದು ಕಾರ್ಯಕ್ರಮಗಳ ಪಟ್ಟಿಯನ್ನಲ್ಲ, ಕರೆದೊಯ್ಯಲು ವ್ಯಾನ್ ಇದೆಯೇ ಎಂಬುದನ್ನು. ದಿನಾ ಆಟೋ ಹುಡುಕಬೇಕಾದರೆ ಮಳೆಗಾಲದ ಹೊತ್ತಿಗೆ ಹೋಗುವುದು ನಿಲ್ಲುತ್ತದೆ. ಶೌಚಾಲಯಕ್ಕೆ ಮೆಟ್ಟಿಲಿದೆಯೇ, ಮಧ್ಯಾಹ್ನದ ಮಾತ್ರೆ ನೆನಪಿಸುವವರಿದ್ದಾರೆಯೇ, ಊಟದ ನಂತರ ಮಲಗಲು ಜಾಗ ಉಂಟೇ ಎಂದು ಖುದ್ದಾಗಿ ನೋಡಿ. ಮೊದಲು ವಾರಕ್ಕೆ ಎರಡು ದಿನ ಸಾಕು, ತಿಂಗಳ ಹಣ ಒಮ್ಮೆಲೇ ಕಟ್ಟಬೇಡಿ. ಹೋಗುವುದಿಲ್ಲ ಎಂದು ಅವರು ಹಟ ಹಿಡಿದರೆ, ಬಡಾವಣೆಯ ಪಾರ್ಕಿನಲ್ಲಿ ಸೇರುವ ಹಿರಿಯ ನಾಗರಿಕರ ಗುಂಪನ್ನೋ ರೈಲ್ವೆ ಪಿಂಚಣಿದಾರರ ಸಂಘವನ್ನೋ ಕೇಳಿ ನೋಡಿ.