ಟೈಗ್ರಿಸ್ ನದಿ ಕಪ್ಪಾಗಲಿಲ್ಲ, ಸ್ವಾಮಿ

ಈ ಸಲದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ, ಬೇರೆ ಬೇರೆ ಕೈಬರಹದಲ್ಲಿ: 1258ರಲ್ಲಿ ಬಾಗ್ದಾದಿನ ಪುಸ್ತಕಗಳಿಗೆ ಏನಾಯಿತು? ಹಾಗಾಗಿ ಅದಕ್ಕೇ ಹೆಚ್ಚು ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಅಲ್-ಗಝಾಲಿ ಎಂಬ ಪಂಡಿತ ಗಣಿತ ನಿಷೇಧಿಸಿದ್ದರಿಂದಲೇ ಅರಬ್ ವಿಜ್ಞಾನ ಮುಗಿಯಿತಂತೆ, ಹೌದಾ?

ಇಲ್ಲ. ಆತ 1111ರಲ್ಲಿ ತೀರಿಕೊಂಡ. ಈಗ ಓದಲಿರುವ ಖಗೋಳಜ್ಞರೆಲ್ಲ ಅವನ ನಂತರದವರು.

1258ರಲ್ಲಿ ಮಂಗೋಲರು ಬಾಗ್ದಾದಿನ ಪುಸ್ತಕಗಳನ್ನೆಲ್ಲ ಟೈಗ್ರಿಸ್ ನದಿಗೆ ಎಸೆದರು, ಶಾಯಿ ಬಿಟ್ಟು ನೀರು ದಿನಗಟ್ಟಲೆ ಕಪ್ಪಾಗಿ ಹರಿಯಿತು, ಅಲ್ಲಿಗೆ ವಿದ್ಯೆಯ ಕಥೆ ಮುಗಿಯಿತು ಅಂತ ಓದಿದೆ. ನಿಜವಾ ಸರ್?

ಮೊದಲು ಒಂದು ಲೆಕ್ಕ ಹಾಕೋಣ. ಬಾಯಿಮಾತಿನ ಅಂಕಿ ನಾಲ್ಕು ಲಕ್ಷ ಪುಸ್ತಕ. ಒಪ್ಪಿಕೊಳ್ಳೋಣ. ಒಂದೊಂದರಲ್ಲೂ ಹತ್ತು ಗ್ರಾಂ ಒಣ ಶಾಯಿ ಇತ್ತು ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಒಟ್ಟು ನಾಲ್ಕು ಟನ್ ಆಯಿತು. ಅಣೆಕಟ್ಟುಗಳು ಬರುವ ಮೊದಲು ಬಾಗ್ದಾದಿನ ಹತ್ತಿರ ಟೈಗ್ರಿಸ್‌ನಲ್ಲಿ ಸೆಕೆಂಡಿಗೆ ಸರಾಸರಿ ಸಾವಿರ ಟನ್ ಆಸುಪಾಸು ನೀರು ಹರಿಯುತ್ತಿತ್ತು. ಅಂದರೆ ದಿನಕ್ಕೆ ಎಂಟು ಕೋಟಿ ಟನ್ನಿಗೂ ಮೇಲೆ. ಎಲ್ಲ ಪುಸ್ತಕವನ್ನೂ ಒಂದೇ ದಿನ ಎಸೆದು, ಎಲ್ಲ ಶಾಯಿಯೂ ಕರಗಿದರೂ, ಎರಡು ಕೋಟಿ ಪಾಲು ನೀರಿಗೆ ಒಂದು ಪಾಲು ಶಾಯಿ. ದಡದಲ್ಲಿ ನಿಂತವನ ಕಣ್ಣಿಗೆ ಏನೂ ಕಾಣದು. ನನ್ನದೇ ಲೇಖನವೊಂದಕ್ಕೆ ಒಬ್ಬ ಸಂಪಾದಕರು ಕಪ್ಪು ನದಿಯ ಚಿತ್ರ ಹಾಕಿ ಅಚ್ಚು ಮಾಡಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ಲೆಕ್ಕ ಮುಖ್ಯ ಅಲ್ಲ, ಸಾಕ್ಷಿ ಮುಖ್ಯ. ಪುಸ್ತಕಗಳನ್ನು ನದಿಗೆ ಎಸೆದರು ಎನ್ನುವವನು ಇತಿಹಾಸಕಾರ ಇಬ್ನ್ ಖಲ್ದೂನ್, 14ನೇ ಶತಮಾನದ ಕೊನೆಯ ಹೊತ್ತಿನವನು, ಬಾಗ್ದಾದ್ ನೋಡಿದವನಲ್ಲ. 15ನೇ ಶತಮಾನದಲ್ಲಿ ಕೈರೋದ ಇಬ್ನ್ ತಘ್ರಿಬಿರ್ದಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಟ್ಟಿಗೆಯ ಬದಲು ಪುಸ್ತಕ ಇಟ್ಟು ಸೇತುವೆ ಕಟ್ಟಿದರಂತೆ ಅನ್ನುತ್ತಾನೆ. ‘ಅಂತೆ’ ಎಂಬ ಮಾತು ಅವನದೇ, ನನ್ನದಲ್ಲ. ಘಟನೆಯಿಂದ ದೂರ ಹೋದಷ್ಟೂ ಕಥೆ ದಪ್ಪ ಆಗುತ್ತದೆ. ಸತ್ತವರ ಲೆಕ್ಕವೂ ಹೀಗೇ. ಬಾಗ್ದಾದ್ ಹಿಡಿದ ಮಂಗೋಲ್ ದೊರೆ ಹುಲಗು 1262ರಲ್ಲಿ ಫ್ರಾನ್ಸಿನ ರಾಜನಿಗೆ ಬರೆಸಿದ ಪತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದೆ ಎಂದು ತಾನೇ ಜಂಬ ಕೊಚ್ಚಿಕೊಂಡ. ನೂರು ವರ್ಷದ ಬಳಿಕ ಡಮಾಸ್ಕಸ್‌ನ ಇಬ್ನ್ ಕಸೀರ್ ಎಂಟು ಲಕ್ಷ, ಹದಿನೆಂಟು ಲಕ್ಷ, ಇಪ್ಪತ್ತು ಲಕ್ಷ ಎಂದು ಮೂರು ಅಂಕಿಗಳನ್ನು ಸಾಲಾಗಿ ಇಟ್ಟು, ಹೀಗೆಲ್ಲ ಹೇಳುತ್ತಾರೆ ಅಂತ ಬರೆದ. ಕೊಂದವನೇ ಹೇಳಿದ ಅಂಕಿಯೇ ಚಿಕ್ಕದು, ನೋಡಿ.

ಹಾಗಾದರೆ ಪುಸ್ತಕಗಳಿಗೆ ಏನಾಯಿತು? ಊರಿಗೆ ತೀರ ಹತ್ತಿರದ ಒಂದು ಇತಿಹಾಸ ಇದೆ. ಬರೆದವನ ಹೆಸರು ಗೊತ್ತಿಲ್ಲ, ಬಹಳ ಕಾಲ ಅದನ್ನು ತಪ್ಪಾಗಿ ಬೇರೊಬ್ಬನ ಹೆಸರಿಗೆ ಹಚ್ಚಿದ್ದರು. ಫೆಬ್ರವರಿ 10ರಂದು ಖಲೀಫ ಅಲ್-ಮುಸ್ತಅಸಿಮ್ ಶರಣಾದ, 20ರಂದು ಅವನನ್ನು ಕೊಂದರು. ಆಮೇಲಿನ ದಿನಗಳ ಬಗ್ಗೆ ಅದರಲ್ಲಿ ಒಂದು ಸಣ್ಣ ವಿವರ ಬರುತ್ತದೆ. ಹಿಲ್ಲಾ, ಕೂಫಾ ಊರುಗಳ ಜನ ಬಾಗ್ದಾದಿಗೆ ಆಹಾರ ತಂದು ಮಾರಿದರು. ಬಂದ ದುಡ್ಡಿನಲ್ಲಿ ಅಮೂಲ್ಯ ಪುಸ್ತಕ, ಹಿತ್ತಾಳೆ ಪಾತ್ರೆ, ಮನೆಸಾಮಾನುಗಳನ್ನು ಕವಡೆ ಕಾಸಿಗೆ ಕೊಂಡು ಹೋದರು, ಎಷ್ಟೋ ಜನ ಇದರಿಂದಲೇ ಶ್ರೀಮಂತರಾದರು. ನನಗೆ ನೂರು ಕಪ್ಪು ನದಿಗಳಿಗಿಂತ ಈ ಒಂದು ಸಾಲು ದೊಡ್ಡದು. ಹಸಿದ ಊರಿನಲ್ಲಿ ಪುಸ್ತಕ ನೀರಿಗೆ ಹೋಗಲಿಲ್ಲ, ಪಾತ್ರೆ ಪಡಗದ ಜೊತೆ ಸಂತೆಗೆ ಹೋಯಿತು.

ಇನ್ನೊಂದು ದಾರಿ ಮರಾಘಾಕ್ಕೆ. ಹುಲಗುವಿನ ಜೊತೆಗಿದ್ದ ಖಗೋಳಜ್ಞ ನಾಸಿರುದ್ದೀನ್ ತೂಸಿ 1259ರಲ್ಲಿ ಇರಾನಿನ ಅಝರ್‌ಬೈಜಾನ್ ಪ್ರಾಂತ್ಯದ ಮರಾಘಾದಲ್ಲಿ ವೀಕ್ಷಣಾಲಯ ಶುರು ಮಾಡಿದ. ಅದಕ್ಕೊಂದು ಗ್ರಂಥಾಲಯ ಬೇಕಿತ್ತು. ಬಾಗ್ದಾದಿನ ದತ್ತಿಗೆ ಸೇರಿದ ಪುಸ್ತಕಗಳನ್ನು ಅಲ್ಲಿಗೆ ಸಾಗಿಸಿದ ಎಂದು ಸಿರಿಯಾದ ಇತಿಹಾಸಕಾರರು ಬರೆದಿದ್ದಾರೆ. ನೀವು ಹೇಳುವ ನಾಲ್ಕು ಲಕ್ಷ ಇದೆಯಲ್ಲ, ಅದು ಇಬ್ನ್ ಶಾಕಿರ್ ಎಂಬ 14ನೇ ಶತಮಾನದವನು ಮರಾಘಾದ ಗ್ರಂಥಾಲಯಕ್ಕೆ ಕೊಟ್ಟ ಅಂಕಿ! ಅದೂ ಉಬ್ಬಿಸಿದ್ದೇ ಇರಬೇಕು. ಆದರೆ ಅದು ಉಳಿದ ಪುಸ್ತಕಗಳ ಲೆಕ್ಕ, ಮುಳುಗಿದವುಗಳದ್ದಲ್ಲ. ತೂಸಿಯನ್ನು ಕಂಡರಾಗದವರು ಅವನ ಮೇಲೆ ಹೊರಿಸಿದ್ದು ಪುಸ್ತಕ ಹೊತ್ತೊಯ್ದ ಆರೋಪ. ಎಲ್ಲವೂ ನದಿಪಾಲಾಗಿದ್ದರೆ ಹೊತ್ತೊಯ್ಯುವುದಕ್ಕೆ ಏನಿತ್ತು?

ಈಗ ಒಬ್ಬ ಮನುಷ್ಯನ ಹಿಂದೆ ಹೋಗೋಣ. ಇಬ್ನ್ ಅಲ್-ಫುವತಿ, 1244ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದವನು. ಊರು ಬಿದ್ದಾಗ ಇನ್ನೂ ಮೀಸೆ ಚಿಗುರದ ಹುಡುಗ, ಸೆರೆ ಸಿಕ್ಕ. ಸುಮಾರು 1262ರ ಹೊತ್ತಿಗೆ ತೂಸಿಯ ಬಳಿ ಸೇರಿದ. ಮರಾಘಾದ ಗ್ರಂಥಾಲಯ ಅವನ ಕೈಗೆ ಬಂತು. ವರ್ಷಗಟ್ಟಲೆ ಅಲ್ಲಿ ಪುಸ್ತಕ ನೋಡಿಕೊಂಡ, ನಕಲು ಮಾಡಿದ, ಬಂದುಹೋದ ವಿದ್ವಾಂಸರ ವಿವರ ಬರೆದಿಟ್ಟುಕೊಂಡ. 1280ರ ಸುಮಾರಿಗೆ ಬಾಗ್ದಾದಿಗೆ ವಾಪಸ್ ಬಂದು ಮುಸ್ತನ್ಸಿರಿಯ್ಯಾ ವಿದ್ಯಾಲಯದ ಗ್ರಂಥಾಲಯ ವಹಿಸಿಕೊಂಡ. ಆ ವಿದ್ಯಾಲಯ 1234ರಲ್ಲಿ ಹಿಂದಿನ ಖಲೀಫನೇ ತೆರೆದದ್ದು. ಇಬ್ನ್ ಅಲ್-ಫುವತಿಗೆ ಮೊದಲು ಅಲ್ಲಿ ಗ್ರಂಥಪಾಲಕನಾಗಿದ್ದ ಇಬ್ನ್ ಅಸ್-ಸಾಈ ಕೂಡ ಮುತ್ತಿಗೆ ದಾಟಿ ಬದುಕಿ, 1276ರಲ್ಲಿ ಸತ್ತವನು. 1327ರಲ್ಲಿ ಪ್ರವಾಸಿ ಇಬ್ನ್ ಬತೂತಾ ಬಂದಾಗ ಅಲ್ಲಿ ಸುನ್ನಿ ಧರ್ಮಶಾಸ್ತ್ರದ ನಾಲ್ಕು ಪಂಥಗಳ ಪಾಠವೂ ನಡೆಯುತ್ತಿತ್ತು. ಬಾಗ್ದಾದಿನ ಗ್ರಂಥಾಲಯ ಸತ್ತೇಹೋಗಿದ್ದರೆ ಇವರೆಲ್ಲ ಏನನ್ನು ಕಾಯುತ್ತಿದ್ದರು?

ಇಷ್ಟು ಹೇಳಿದ್ದಕ್ಕೆ ‘ಹಾಗಾದರೆ ಮಂಗೋಲರು ಒಳ್ಳೆಯವರು’ ಅಂತ ಪತ್ರ ಬರೆಯಬೇಡಿ. ನಷ್ಟ ದೊಡ್ಡದೇ. ಮೊದಲನೆಯದು ಮನುಷ್ಯರ ನಷ್ಟ. ಆ ಕಾಲದಲ್ಲಿ ವಿದ್ಯೆ ಬರೀ ಹಾಳೆಯಲ್ಲಿ ಇರಲಿಲ್ಲ. ಗುರುವಿನ ಎದುರು ಕೂತು ಓದಿ ಒಪ್ಪಿಸಿ ಅವನಿಂದ ಅನುಮತಿ ಪಡೆದರೆ ಮಾತ್ರ ಆ ಪುಸ್ತಕವನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದಿತ್ತು. ಗುರು ಸತ್ತರೆ ಸರಪಳಿಯೇ ತುಂಡು. ಇಬ್ನ್ ಅಲ್-ಜೌಝಿ ಎಂಬ ದೊಡ್ಡ ಪಂಡಿತನ ಮಗ, ಅವನ ಮೂವರು ಮೊಮ್ಮಕ್ಕಳು, ಎಲ್ಲರೂ ಆ ಫೆಬ್ರವರಿಯಲ್ಲಿ ಹೋದರು. ಎರಡನೆಯದು ದಾರಿಯ ನಷ್ಟ. 1260ರಲ್ಲಿ ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಮಮ್ಲೂಕರು ಮಂಗೋಲರನ್ನು ಸೋಲಿಸಿದ ಮೇಲೆ ಯೂಫ್ರೆಟಿಸ್ ಎರಡು ಶತ್ರು ರಾಜ್ಯಗಳ ಗಡಿಯಾಯಿತು. ಬಾಗ್ದಾದಿನ ವಿದ್ಯಾರ್ಥಿಗೆ ಡಮಾಸ್ಕಸ್, ಕೈರೋ ಕಷ್ಟದ ದಾರಿಯಾದವು. ಅರಬ್ಬಿ ಇತಿಹಾಸ, ಧರ್ಮಶಾಸ್ತ್ರದ ಕೇಂದ್ರ ಕೈರೋ, ಡಮಾಸ್ಕಸ್‌ಗೆ ಸರಿಯಿತು. ಇರಾನಿನಲ್ಲಿ ಇತಿಹಾಸವನ್ನು ಪಾರ್ಸಿಯಲ್ಲಿ ಬರೆಯುವುದೇ ರೂಢಿಯಾಯಿತು. ಖಗೋಳಶಾಸ್ತ್ರ ಮಾತ್ರ ಬೆಳೆಯಿತು. ಮರಾಘಾದ ಉಪಕರಣಗಳನ್ನು ಕಟ್ಟಿದ ಅಲ್-ಉರ್ದಿ ಡಮಾಸ್ಕಸ್‌ನವನು. ಅಲ್ಲಿ ತೂಸಿಯ ಗುಂಪು ಕಟ್ಟಿದ ಗ್ರಹಚಲನೆಯ ಮಾದರಿಗಳು ಮುಂದಿನ ಶತಮಾನದ ಡಮಾಸ್ಕಸ್‌ನ ಇಬ್ನ್ ಅಶ್-ಶಾತಿರ್‌ವರೆಗೆ ಹಬ್ಬಿದವು.

‘ನನ್ನ ತಾಯಿ ನನ್ನನ್ನು ಹೆರದೇ ಇದ್ದಿದ್ದರೆ’ ಎಂದು ಇತಿಹಾಸಕಾರ ಇಬ್ನ್ ಅಲ್-ಅಸೀರ್ ಬಾಗ್ದಾದಿನ ನಾಶ ನೋಡಿ ಅತ್ತನಲ್ಲವೇ?

ಆತ ಸತ್ತದ್ದು 1233ರಲ್ಲಿ. ಬಾಗ್ದಾದ್ ಬಿದ್ದದ್ದು ಅದಾಗಿ ಇಪ್ಪತ್ತೈದು ವರ್ಷಕ್ಕೆ. ಸತ್ತವನು ಹೇಗೆ ಅಳುತ್ತಾನೆ?

ಮಾತು ಅವನದೇ, ಸಂದರ್ಭ ಬೇರೆ. ಹಿಜರಿ 617ರ (ನಮ್ಮ 1220–21) ಅಧ್ಯಾಯದ ಶುರುವಿನಲ್ಲಿ ಅದು ಬರುತ್ತದೆ. ಚೆಂಗೀಸ್ ಖಾನನ ಸೇನೆ ಬುಖಾರಾ, ಸಮರ್‌ಕಂದ್ ಮುರಿದ ಕಾಲ. ಮೋಸುಲ್‌ನಲ್ಲಿ ಕೂತು ಸುದ್ದಿ ಕೇಳುತ್ತಿದ್ದ ಈ ಮುದುಕ, ಇದನ್ನು ಬರೆಯಲೋ ಬೇಡವೋ ಎಂದು ವರ್ಷಗಟ್ಟಲೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟೆ ಅನ್ನುತ್ತಾನೆ. ಇಸ್ಲಾಮಿನ ಸಾವಿನ ಸುದ್ದಿ ಬರೆಯುವುದು ಯಾರಿಗೆ ಸುಲಭ ಎಂದು ಕೇಳುತ್ತಾನೆ. ಯಾರಾದರೂ ಈ ಸಾಲನ್ನು 1258ಕ್ಕೆ ಅಂಟಿಸಿದರೆ, ಅವರು ಮೂಲ ತೆರೆದಿಲ್ಲ ಅಂತ ತಿಳಿಯಿರಿ. ನಾನು ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತೇನೆ.

ಕ್ರುಸೇಡ್‌ಗಳಿಂದ ಮುಸ್ಲಿಮರ ವಿದ್ಯೆಗೆ ಎಷ್ಟು ಪೆಟ್ಟು ಬಿತ್ತು?

ಆ ಕಾಲದ ಅರಬ್ಬಿ ಲೇಖಕರಿಗೆ ‘ಕ್ರುಸೇಡ್’ ಎಂಬ ಪದವೇ ಇರಲಿಲ್ಲ. ಬಂದವರು ‘ಫಿರಂಜಿ’ಗಳು, ಅಂದರೆ ಯುರೋಪಿನ ಕ್ರೈಸ್ತ ದಂಡಿನ ಫ್ರಾಂಕರು, ಅಷ್ಟೆ. ಫ್ರಾಂಕರು ಹಿಡಿದದ್ದು ಹೆಚ್ಚಾಗಿ ಕರಾವಳಿ ಮತ್ತು ಜೆರುಸಲೇಮ್ ಸುತ್ತಿನ ಪಟ್ಟಿ. ವಿದ್ಯೆಯ ಊರುಗಳಾದ ಡಮಾಸ್ಕಸ್, ಅಲೆಪ್ಪೊ ಅವರ ಕೈಗೆ ಸಿಗಲೇ ಇಲ್ಲ. ನಿಜವಾದ ದೊಡ್ಡ ಪೆಟ್ಟು 1109ರಲ್ಲಿ ಈಗಿನ ಲೆಬನಾನಿನ ಟ್ರಿಪೊಲಿಯ ವಿದ್ಯಾಮಂದಿರದ ಪುಸ್ತಕಗಳು ಲೂಟಿಯಾದದ್ದು. ಆಗಲೇ ಬದುಕಿದ್ದ ಡಮಾಸ್ಕಸ್‌ನ ಇಬ್ನ್ ಅಲ್-ಕಲಾನಿಸಿ ಅದನ್ನು ಉಳಿದ ಲೂಟಿಯ ಜೊತೆ ಹೇಳಿ ಮುಂದೆ ಹೋಗುತ್ತಾನೆ. ಮೂವತ್ತು ಲಕ್ಷ ಪುಸ್ತಕ ಸುಟ್ಟವು ಎಂಬುದು ಆಮೇಲೆ ಸೇರಿದ ಮಸಾಲೆ.

ಒಂದು ಮನೆಯ ನಷ್ಟ ಹೇಳುತ್ತೇನೆ. ಸಿರಿಯಾದ ಸರದಾರ ಉಸಾಮಾ ಇಬ್ನ್ ಮುಂಕಿಝ್ 1154ರಲ್ಲಿ ಈಜಿಪ್ಟ್ ಬಿಟ್ಟ. ಹಿಂದಿನಿಂದ ಹೆಂಡತಿ ಮಕ್ಕಳು ಹಡಗಿನಲ್ಲಿ ಹೊರಟರು, ಜೆರುಸಲೇಮಿನ ಫ್ರಾಂಕ್ ರಾಜನ ಅಭಯಪತ್ರವೂ ಕೈಯಲ್ಲಿತ್ತು. ಅಕ್ಕಾ ಬಂದರಿನ ಹತ್ತಿರ ರಾಜನ ಜನರೇ ಕೊಡಲಿ ಹಿಡಿದು ಬಂದು ಹಡಗು ಒಡೆದರು. ಒಡೆದ ಹಡಗಿನ ಸಾಮಾನು ನಮ್ಮದು ಎಂದರು. ಮೈಮೇಲಿನ ಒಡವೆ ಬಟ್ಟೆಯನ್ನೂ ಬಿಡಲಿಲ್ಲ. ದಾರಿಖರ್ಚಿಗೆ ಐನೂರು ದಿನಾರ್ ಕೊಟ್ಟು ಕಳಿಸಿದರು. ಮಕ್ಕಳು ಹೆಂಗಸರು ಬದುಕಿ ಬಂದರಲ್ಲ, ದುಡ್ಡು ಹೋದರೆ ಹೋಗಲಿ ಅನ್ನುತ್ತಾನೆ ಉಸಾಮಾ. ಆದರೆ ನಾಲ್ಕು ಸಾವಿರ ಪುಸ್ತಕಗಳು ಹೋದದ್ದು ಸಾಯುವವರೆಗೂ ಎದೆಯಲ್ಲಿ ಉಳಿದ ನೋವು ಎಂದು ಮುಪ್ಪಿನಲ್ಲಿ ಬರೆಸುತ್ತಾನೆ.

ಅದೇ 1154ರಲ್ಲಿ ಅಲೆಪ್ಪೊದ ದೊರೆ ನೂರುದ್ದೀನ್ ಡಮಾಸ್ಕಸ್ ಹಿಡಿದು ಅಲ್ಲೊಂದು ಆಸ್ಪತ್ರೆ ಕಟ್ಟಿಸಲು ತೊಡಗಿದ. ಫ್ರಾಂಕರ ವಿರುದ್ಧ ಜನರನ್ನು ಒಟ್ಟು ಮಾಡಬೇಕಿದ್ದ ದೊರೆಗೆ ಪಂಡಿತರ ಬೆಂಬಲ ಬೇಕಿತ್ತು. ಅದಕ್ಕೇ ವಿದ್ಯಾಲಯಗಳಿಗೆ ದತ್ತಿ ಹರಿಯಿತು. ಆ ಆಸ್ಪತ್ರೆಯಲ್ಲಿ ಕಲಿತ ಇಬ್ನ್ ಅನ್-ನಫೀಸ್ ಮುಂದೆ ರಕ್ತ ಶ್ವಾಸಕೋಶದ ಮೂಲಕ ಹಾದು ಹೃದಯಕ್ಕೆ ಬರುತ್ತದೆ ಎಂದು ಬರೆದ. ಪೆಟ್ಟು ಅಂತ ಬರೆಯಿರಿ, ಆದರೆ ಎರಡೂ ಬದಿಯ ಲೆಕ್ಕ ಬರೆಯಿರಿ.

ಖಲೀಫನನ್ನು ಕಂಬಳಿಯಲ್ಲಿ ಸುತ್ತಿ ಕುದುರೆಗಳಿಂದ ತುಳಿಸಿದರಾ, ಬಂಗಾರದ ಜೊತೆ ಕೂಡಿಹಾಕಿ ಉಪವಾಸ ಕೆಡವಿದರಾ?

ಎರಡು ಕಥೆಯೂ ಓಡಾಡುತ್ತವೆ, ಕಂಡವನ ಸಾಕ್ಷಿ ಎರಡಕ್ಕೂ ಇಲ್ಲ. ಮುಂದಿನ ತಿಂಗಳು ಇದನ್ನೇ ಮತ್ತೆ ಕೇಳಬೇಡಿ.