ಇರಶ್ಶರು, ಉಕಗೌ, ಮೈರು: ಆಫೀಸಿನಲ್ಲಿ ಯಾವಾಗ ಯಾವುದು?

ಪ್ರಶ್ನೆ: ಜಪಾನಿ ಕಂಪನಿ ಸೇರಿದ್ದೇನೆ. ‘ಹೋಗು’ ಅನ್ನೋದಕ್ಕೇ ಇರಶ್ಶರು, ಉಕಗೌ, ಮೈರು ಅಂತ ಮೂರು ಗೌರವದ ರೂಪಗಳಿವೆ. ಯಾವಾಗ ಯಾವುದನ್ನು ಹೇಳಬೇಕು?

ಪಟ್ಟಿ ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆ ಕೆಲಸ ಮಾಡುವವರು ನಿಮ್ಮ ಕಡೆಯವರಾ, ಎದುರು ಕಡೆಯವರಾ? ಎದುರು ಕಡೆಯವರಾದರೆ ಏರಿಸುವ ರೂಪ, ಸೊನ್‌ಕೇಗೊ. ನೀವು ಅಥವಾ ನಿಮ್ಮವರಾದರೆ ತಗ್ಗಿಸುವ ರೂಪ, ಕೆಂಜೋಗೊ.

ನಮಗೆ ತೊಡಕಾಗುವುದು ಈ ‘ನಿಮ್ಮವರು’ ಅನ್ನುವಲ್ಲೇ. ಕನ್ನಡದಲ್ಲಿ ಯಾರ ಹತ್ತಿರ ಮಾತಾಡಿದರೂ ನಮ್ಮ ಮ್ಯಾನೇಜರ್ ‘ಬಂದಿದ್ದಾರೆ’ಯೇ. ಜಪಾನಿನಲ್ಲಿ ಹಾಗಲ್ಲ, ಕೇಳುವವರು ಬದಲಾದರೆ ಗೌರವವೂ ಬದಲಾಗುತ್ತದೆ. ನಿಮ್ಮ ವಿಭಾಗದ ಮುಖ್ಯಸ್ಥರು ತನಕಾ ಅಂದುಕೊಳ್ಳಿ. ಆಫೀಸಿನೊಳಗೆ ಅವರು ‘ತನಕಾ ಬುಚೋ’, ಬುಚೋ ಅಂದರೆ ವಿಭಾಗದ ಮುಖ್ಯಸ್ಥ. ಇರಶ್ಶರು ‘ಇರು’ ಅನ್ನೋದಕ್ಕೂ ಬರುತ್ತದೆ, ಹಾಗಾಗಿ ಅವರು ಇದ್ದಾರೆ ಅನ್ನಲು ‘ಇರಶ್ಶಾಯ್ಮಸ್’. ಗ್ರಾಹಕ ಕಂಪನಿಯಿಂದ ಫೋನ್ ಬಂದರೆ ಅದೇ ಮನುಷ್ಯರು ಬರೀ ‘ತನಕಾ’. ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ‘ಸಾನ್’ ಕೂಡ ಇಲ್ಲ. ‘ತನಕಾ ವಾ ಸೆಕಿ ಓ ಹಜುಶಿತೆ ಒರಿಮಸ್’ ಅನ್ನಬೇಕು, ಅಂದರೆ ಸೀಟಿನಲ್ಲಿ ಇಲ್ಲ ಅಂತ. ಇಲ್ಲಿ ‘ಇರಶ್ಶಾಯ್ಮಸ್’ ಅಂದರೆ ಗ್ರಾಹಕರ ಮುಂದೆ ನಮ್ಮವರನ್ನೇ ಎತ್ತಿ ಹಿಡಿದ ಹಾಗೆ. ಆದರೆ ಫೋನ್ ಮಾಡಿದವರು ತನಕಾ ಅವರ ಹೆಂಡತಿಯಾದರೆ ಮತ್ತೆ ‘ತನಕಾ ಬುಚೋ’, ಮತ್ತೆ ‘ಇರಶ್ಶಾಯ್ಮಸ್’. ಮನೆಯವರ ಎದುರು ಅವರು ನಿಮ್ಮವರಲ್ಲ, ಅಲ್ವಾ?

ಇನ್ನು ಉಕಗೌ, ಮೈರು. ಎರಡೂ ತಗ್ಗಿಸುವ ರೂಪಗಳೇ, ಆದರೆ ಗೌರವ ಹೋಗುವ ದಿಕ್ಕು ಬೇರೆ. ಉಕಗೌ ಗೌರವ ಕೊಡುವುದು ನೀವು ಯಾರ ಬಳಿ ಹೋಗುತ್ತೀರೋ ಅವರಿಗೆ, ಮೈರು ಗೌರವ ಕೊಡುವುದು ಮಾತು ಕೇಳುತ್ತಿರುವವರಿಗೆ. ಗ್ರಾಹಕರ ಆಫೀಸಿಗೆ ನಾಳೆ ಬರುತ್ತೇನೆ ಅನ್ನಲು ‘ಅಶಿತಾ ಉಕಗಾಯ್ಮಸ್’ ಸರಿ. ಅದೇ ಗ್ರಾಹಕರಿಗೆ ‘ತಮ್ಮನ ಮನೆಗೆ ಹೋಗ್ತೀನಿ’ ಅನ್ನುವಾಗ ಉಕಗೌ ತಪ್ಪು, ನಿಮ್ಮ ತಮ್ಮನಿಗೇ ಗೌರವ ಕೊಟ್ಟಂತಾಗುತ್ತದೆ. ಅಲ್ಲಿ ‘ಮೈರಿಮಸ್’ ಬೇಕು. ಜಪಾನಿನ ಸಂಸ್ಕೃತಿ ಮಂಡಳಿ 2007ರಲ್ಲಿ ಕೊಟ್ಟ ಮಾರ್ಗಸೂಚಿ ಈ ಎರಡನ್ನೂ ಬೇರೆ ಬೇರೆ ಗುಂಪಿಗೆ ಹಾಕಿದ್ದು ಇದಕ್ಕೇ. ಹೋಗುವ ಜಾಗದಲ್ಲಿ ಗೌರವಿಸಬೇಕಾದವರು ಇಲ್ಲದಿದ್ದರೆ ಮೈರು ಅಂತ ನೆನಪಿಟ್ಟುಕೊಂಡರೆ ಸಾಕು.

ಜಾಸ್ತಿ ಎಡವುವುದು ಕ್ರಿಯಾಪದದ ಮುಂದೆ ‘ಒ’ ಸೇರಿಸಿದರೆ ಎಲ್ಲವೂ ಗೌರವ ಅಂದುಕೊಂಡಾಗ. ನಡುವೆ ಕ್ರಿಯಾಪದ ಬರುವ ‘ಒ–ಸುರು’ ತಗ್ಗಿಸುವ ರೂಪ, ‘ಒ–ನಿ ನರು’ ಏರಿಸುವ ರೂಪ. ‘ಶಿತೆ’, ‘ಶಿಮಶೋ’ ಎರಡೂ ‘ಸುರು’ವಿನ ರೂಪಗಳೇ. ಹಾಗಾಗಿ ಗ್ರಾಹಕರಿಗೆ ಕಾಯಿರಿ ಅನ್ನಲು ‘ಒಮಾಚಿ ಶಿತೆ ಕುದಸಾಯ್’ ಅಲ್ಲ, ‘ಒಮಾಚಿ ಕುದಸಾಯ್’. ‘ಒಮೊಚಿ ಶಿಮಶೋ ಕಾ’ ಅಂದರೆ ಬ್ಯಾಗನ್ನು ನಾನು ಹಿಡಿದುಕೊಳ್ಳಲಾ ಅಂತ. ‘ಒಮೊಚಿ ನಿ ನರಿಮಸ್ ಕಾ’ ಅಂದರೆ ನೀವೇ ತೆಗೆದುಕೊಂಡು ಹೋಗ್ತೀರಾ ಅಂತ.